ಹಿಟ್ಟಿನ ಕೋಳಿಯ ಪಾಪ

ವಿದ್ಯಾರ್ಥಿನಿ: ಸರ್, ಪ್ರಬಂಧದ ಮೊದಲ ಪುಟ ಬರೆದು ತಂದಿದ್ದೇನೆ. ‘ಹಿಂದೂ, ಬೌದ್ಧ, ಜೈನ ಈ ಮೂರೂ ಧರ್ಮಗಳು ಕರ್ಮವನ್ನೂ ಪುನರ್ಜನ್ಮವನ್ನೂ ನಂಬುತ್ತವೆ. ಹಿಂದೂಗಳ ಪ್ರಕಾರ ಆತ್ಮ ಶಾಶ್ವತ. ಬೌದ್ಧರ ಪ್ರಕಾರ ಆತ್ಮವಿಲ್ಲ. ಜೈನರ ಪ್ರಕಾರ ಕರ್ಮ ಒಂದು ಜಡವಸ್ತು. ಬೌದ್ಧರಿಗೆ ಉದ್ದೇಶ ಮುಖ್ಯ, ಜೈನರಿಗೆ ಕ್ರಿಯೆ ಮುಖ್ಯ.’ ಹೀಗೆ ಶುರುವಾಗುತ್ತದೆ.

ಮೇಷ್ಟ್ರು: ಓದುವುದಕ್ಕೆ ಸಲೀಸಾಗಿದೆ. ಕೊನೆಯ ವಾಕ್ಯವೊಂದನ್ನು ಎತ್ತಿಕೊಳ್ಳೋಣ. ಜೈನರಿಗೆ ಕ್ರಿಯೆ ಮುಖ್ಯ ಎಂದು ಬರೆದಿದ್ದೀಯ. ಹಾಗಾದರೆ ಜನ್ನನ ‘ಯಶೋಧರ ಚರಿತೆ’ಯಲ್ಲಿ ಯಶೋಧರನಿಗೆ ಪಾಪ ಹತ್ತಿದ್ದು ಹೇಗೆ?

ವಿದ್ಯಾರ್ಥಿನಿ: ಕನ್ನಡ ತರಗತಿಯಲ್ಲಿ ಓದಿದ್ದೆವು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟಿದ್ದಕ್ಕೆ.

ಮೇಷ್ಟ್ರು: ಅಲ್ಲಿ ಸತ್ತವರು ಯಾರು?

ವಿದ್ಯಾರ್ಥಿನಿ: ಯಾರೂ ಇಲ್ಲ. ಹಿಟ್ಟು ತಾನೇ.

ಮೇಷ್ಟ್ರು: ಕೊಲ್ಲುವ ಕ್ರಿಯೆಯೇ ನಡೆಯದಿದ್ದರೂ ಜನ್ಮಜನ್ಮಾಂತರದ ಸಂಕಟ ಬಂತು. ಹಾಗಿದ್ದ ಮೇಲೆ ನಿನ್ನ ವಾಕ್ಯ ನಿಲ್ಲುವುದು ಕಷ್ಟ. ಮೂರು ಧರ್ಮಗಳಿಗೆ ಮೂರು ಶೀರ್ಷಿಕೆ ಕೊಟ್ಟು ಒಂದೊಂದರ ಕೆಳಗೂ ಎಲ್ಲವನ್ನೂ ತುಂಬುವ ಬದಲು ಈ ಒಂದು ಪ್ರಸಂಗವನ್ನು ಮೂವರ ಮುಂದೆಯೂ ಇಟ್ಟು ತೀರ್ಪು ಕೇಳು. ಎಲ್ಲಿ ಒಪ್ಪುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಕಥೆ ಒಮ್ಮೆ ಹೇಳು ನೋಡೋಣ.

ವಿದ್ಯಾರ್ಥಿನಿ: ಯಶೋಧರ ಉಜ್ಜಯಿನಿಯ ಅರಸ. ಅವನ ರಾಣಿ ಅಮೃತಮತಿ ಆನೆಯ ಮಾವುತ ಅಷ್ಟಾವಂಕನಿಗೆ ಮನಸೋಲುತ್ತಾಳೆ. ಒಂದು ರಾತ್ರಿ ಯಶೋಧರ ಅದನ್ನು ಕಣ್ಣಾರೆ ನೋಡುತ್ತಾನೆ, ಕತ್ತಿ ಎತ್ತಿ ಮತ್ತೆ ಇಳಿಸುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ದೇವಿಗೆ ಬಲಿ ಕೊಟ್ಟರೆ ಕೇಡು ಕಳೆಯುತ್ತದೆ ಎಂದು ತಾಯಿ ಹೇಳುತ್ತಾಳೆ. ಅವನು ಜೀವಹಿಂಸೆಗೆ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯಾದರೂ ಆಗಲಿ ಎಂದು ತಾಯಿ ಒಪ್ಪಿಸುತ್ತಾಳೆ. ಕಡಿದಾಗ ಆ ಕೋಳಿ ಕೂಗುತ್ತದೆ. ಅದರೊಳಗೆ ಒಂದು ಬೆಂತರ ಹೊಕ್ಕಿರುತ್ತದೆ.

ಮೇಷ್ಟ್ರು: ಆಮೇಲೆ ಅಮೃತಮತಿ ತಾಯಿ ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಮಗ ನವಿಲಾಗಿ ಹುಟ್ಟುತ್ತಾನೆ, ತಾಯಿ ನಾಯಿಯಾಗಿ ಹುಟ್ಟುತ್ತಾಳೆ, ಆ ನಾಯಿಯೇ ನವಿಲನ್ನು ಕೊಲ್ಲುತ್ತದೆ. ಹಾವು, ಮೀನು, ಮೊಸಳೆ, ಆಡು ಎಂದು ಜನ್ಮಗಳು ಸಾಗಿ ಕೊನೆಗೆ ಇಬ್ಬರೂ ಕೋಳಿಗಳಾಗುತ್ತಾರೆ. ಯಶೋಧರನ ಮಗ ಯಶೋಮತಿ, ಅವನೇ ಈಗ ಅರಸ, ಹೆಂಡತಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆ ತೋರಿಸಲು ಕೋಳಿಯ ಕೂಗು ಕೇಳಿದ ದಿಕ್ಕಿಗೆ ಬಾಣ ಬಿಡುತ್ತಾನೆ. ಸತ್ತ ಎರಡೂ ಜೀವಗಳು ಕುಸುಮಾವಳಿಯ ಗರ್ಭ ಸೇರಿ ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಹುಟ್ಟುತ್ತವೆ. ತಂದೆ ತನ್ನ ಮಗನಿಗೇ ಮಗನಾದ. 1209ರಲ್ಲಿ ಜನ್ನ ಇದನ್ನು ಕನ್ನಡಕ್ಕೆ ತಂದ. ಅವನಿಗಿಂತ ಮುಂಚೆ ವಾದಿರಾಜ ಸಂಸ್ಕೃತದಲ್ಲಿ ಬರೆದಿದ್ದ, ಅದಕ್ಕೂ ಮೊದಲು 959ರಲ್ಲಿ ಸೋಮದೇವಸೂರಿ ‘ಯಶಸ್ತಿಲಕ’ ಮುಗಿಸಿದ್ದ. ಜೈನರು ಇಷ್ಟು ಸಲ ಇಷ್ಟು ಪ್ರೀತಿಯಿಂದ ಹೇಳಿಕೊಂಡ ಕಥೆ ಇದು. ಅವರ ಕರ್ಮಸಿದ್ಧಾಂತದ ನರವೇ ಇದರಲ್ಲಿದೆ.

ವಿದ್ಯಾರ್ಥಿನಿ: ಆದರೆ ಜೈನರಿಗೆ ಕರ್ಮ ಅಂದರೆ ಪುದ್ಗಲ, ಕಣ್ಣಿಗೆ ಕಾಣದ ಸೂಕ್ಷ್ಮ ದ್ರವ್ಯ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವಲ್ಲ. ದ್ರವ್ಯ ಅಂಟಬೇಕಾದರೆ ಏನಾದರೂ ನಡೆಯಬೇಡವೇ?

ಮೇಷ್ಟ್ರು: ನಡೆಯುತ್ತದೆ. ಮನಸ್ಸು, ಮಾತು, ಮೈ ಈ ಮೂರರ ಚಲನೆಗೆ ಅವರು ಯೋಗ ಎನ್ನುತ್ತಾರೆ. ಅದು ಕರ್ಮಪುದ್ಗಲವನ್ನು ಜೀವದ ಕಡೆಗೆ ಸೆಳೆಯುತ್ತದೆ, ಅದೇ ಆಸ್ರವ. ಸೆಳೆದದ್ದು ಅಂಟಿಕೊಳ್ಳಬೇಕಾದರೆ ಕಷಾಯ ಬೇಕು, ಅಂದರೆ ಕ್ರೋಧ, ಮಾನ, ಮಾಯೆ, ಲೋಭ. ಕಷಾಯ ಎಷ್ಟು ದಟ್ಟವೋ ಅಂಟು ಅಷ್ಟು ಗಟ್ಟಿ, ಅಷ್ಟು ದೀರ್ಘ. ಆದ್ದರಿಂದ ಕರ್ಮ ದ್ರವ್ಯವಾದರೂ ಅದನ್ನು ಬಂಧಿಸುವುದು ಒಳಗಿನ ಭಾವ. ದಿಗಂಬರರೂ ಶ್ವೇತಾಂಬರರೂ ಒಪ್ಪುವ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ವಿವರಿಸುವಾಗ ಬರೀ ಪ್ರಾಣಹರಣ ಎನ್ನುವುದಿಲ್ಲ, ಪ್ರಮಾದದಿಂದ ಕೂಡಿದ ಯೋಗದಿಂದ ಆಗುವ ಪ್ರಾಣಹರಣ ಎನ್ನುತ್ತದೆ. ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಎಚ್ಚರವಿಲ್ಲದವನಿಗೆ ಜೀವಿ ಸತ್ತರೂ ಬದುಕಿದರೂ ಹಿಂಸೆ ನಿಶ್ಚಿತ, ಎಚ್ಚರದಿಂದ ನಡೆಯುವವನಿಗೆ ಬರೀ ಪ್ರಾಣಹಾನಿಯಿಂದ ಬಂಧವಿಲ್ಲ ಎಂಬುದು ಅವರ ನಿಲುವು. ಹೊರಗಿನದು ದ್ರವ್ಯಹಿಂಸೆ, ಒಳಗಿನದು ಭಾವಹಿಂಸೆ. ಯಶೋಧರನದು ಎರಡನೆಯದು. ಹಿಟ್ಟು ಎಂದು ಗೊತ್ತಿದ್ದೂ ಅವನು ಕೋಳಿಯನ್ನು ಕಡಿಯುವ ಸಂಕಲ್ಪ ಮಾಡಿದ, ಕತ್ತಿ ಎತ್ತಿದ.

ವಿದ್ಯಾರ್ಥಿನಿ: ಹಾಗಾದರೆ ಜೈನರೂ ಬೌದ್ಧರ ಹಾಗೆ ಉದ್ದೇಶವಾದಿಗಳೇ ಆದರು. ವ್ಯತ್ಯಾಸವೇ ಉಳಿಯಲಿಲ್ಲ.

ಮೇಷ್ಟ್ರು: ಅವಸರ ಬೇಡ. ಅದೇ ಹಿಟ್ಟಿನ ಕೋಳಿಯನ್ನು ಈಗ ಬೌದ್ಧರ ಮುಂದಿಡು. ಚೇತನವನ್ನೇ ನಾನು ಕರ್ಮ ಎನ್ನುತ್ತೇನೆ ಎಂದು ಬುದ್ಧ ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ, ಅದು ನಿನಗೆ ಗೊತ್ತು. ಥೇರವಾದದ ಅಟ್ಟಕಥೆಗಳು ಕೊಲೆ ಪೂರ್ಣವಾಗಲು ಐದು ಅಂಗ ಬೇಕು ಎಂದು ಎಣಿಸುತ್ತವೆ. ಜೀವಿ ಇರಬೇಕು, ಅದು ಜೀವಿ ಎಂದು ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಆ ಪ್ರಯತ್ನದಿಂದ ಸಾವು ಆಗಬೇಕು. ಯಶೋಧರನಿಗೆ ಒಂದೊಂದನ್ನೇ ಹಚ್ಚಿ ನೋಡು.

ವಿದ್ಯಾರ್ಥಿನಿ: ಜೀವಿ ಇಲ್ಲ. ಒಳಗೆ ಬೆಂತರ ಇತ್ತು ಅಂದರೂ ಅವನಿಗೆ ಅದು ಗೊತ್ತಿರಲಿಲ್ಲ, ಆದ್ದರಿಂದ ಎರಡನೆಯದೂ ಇಲ್ಲ. ಕೊಲ್ಲುವ ಮನಸ್ಸು... ಅವನು ಹಿಟ್ಟಿಗೆ ಒಪ್ಪಿದ್ದೇ ಕೊಲ್ಲಬಾರದು ಎಂದು. ಪ್ರಯತ್ನ ನಡೆಯಿತು. ಸಾವು ಆಗಲಿಲ್ಲ. ಐದರಲ್ಲಿ ಒಂದೇ ಸಿಕ್ಕಿತು.

ಮೇಷ್ಟ್ರು: ಅಂದಮೇಲೆ ಈ ಲೆಕ್ಕದಲ್ಲಿ ಪ್ರಾಣಾತಿಪಾತ ಆಗಲೇ ಇಲ್ಲ. ಬಲಿಯಿಂದ ಕೇಡು ಕಳೆಯುತ್ತದೆ ಎಂಬ ತಪ್ಪು ನಂಬಿಕೆ ಇತ್ತು, ಭಯ ಇತ್ತು, ಅವು ಮನಸ್ಸಿನ ಅಕುಶಲಗಳು ಎನ್ನಬಹುದು. ಆದರೆ ಕೊಂದವನಿಗೆ ಬರುವ ಫಲ ಅವನಿಗೆ ಬರಬೇಕಾಗಿಲ್ಲ. ಇಬ್ಬರೂ ಮನಸ್ಸನ್ನೇ ನೋಡುತ್ತಾರೆ, ತೀರ್ಪು ಮಾತ್ರ ಬೇರೆ. ಏಕೆ ಬೇರೆಯಾಯಿತು ಎಂಬುದು ನಿನ್ನ ಪ್ರಬಂಧದ ಪ್ರಶ್ನೆಯಾಗಬೇಕು.

ವಿದ್ಯಾರ್ಥಿನಿ: ಇದಕ್ಕೆ ತಿರುಗುಮುರುಗಾದ ಪ್ರಸಂಗ ಏನಾದರೂ ಇದೆಯೇ ಸರ್? ಮನಸ್ಸಿನಲ್ಲಿ ಕೊಲ್ಲುವ ಯೋಚನೆಯೇ ಇಲ್ಲ, ಜೀವ ಮಾತ್ರ ನಿಜವಾಗಿ ಹೋಗಿದೆ ಎಂಬಂಥದ್ದು?

ಮೇಷ್ಟ್ರು: ಧಮ್ಮಪದದ ಅಟ್ಟಕಥೆಯ ಮೊಟ್ಟಮೊದಲ ಕಥೆಯೇ ಅದು. ಚಕ್ಖುಪಾಲ ಎಂಬ ಥೇರ. ಕಣ್ಣಿನ ರೋಗಕ್ಕೆ ವೈದ್ಯ ಮೂಗಿನಲ್ಲಿ ಔಷಧ ಬಿಟ್ಟುಕೊಂಡು ಮಲಗು ಎಂದರೂ ಅವನು ಮಲಗಲಿಲ್ಲ, ಮಲಗದೆ ಸಾಧನೆ ಮಾಡುವ ವ್ರತ ಹಿಡಿದಿದ್ದ. ಅರ್ಹಂತನಾದ ಹೊತ್ತಿಗೇ ಕಣ್ಣೂ ಹೋಯಿತು. ಮುಂದೆ ಅವನು ಜೇತವನಕ್ಕೆ ಬಂದ. ಒಂದು ರಾತ್ರಿ ಮಳೆ ಬಂದು ನಿಂತ ಮೇಲೆ ನಡಿಗೆಯ ಹಾದಿಯಲ್ಲಿ ಹುಳುಗಳು ಎದ್ದಿದ್ದವು. ಅವನು ಎಂದಿನಂತೆ ಅಲ್ಲಿ ನಡೆದಾಡಿದ. ಬೆಳಿಗ್ಗೆ ಬಂದ ಭಿಕ್ಷುಗಳು ಸತ್ತ ಹುಳುಗಳನ್ನು ನೋಡಿ ಬುದ್ಧನ ಹತ್ತಿರ ದೂರು ಹೇಳಿದರು. ಅವನು ಕೊಲ್ಲುವುದನ್ನು ನೀವು ನೋಡಿದಿರಾ ಎಂದು ಬುದ್ಧ ಕೇಳಿದ. ಇಲ್ಲ ಎಂದರು. ನೀವು ಅವನನ್ನು ಹೇಗೆ ನೋಡಲಿಲ್ಲವೋ ಹಾಗೆಯೇ ಅವನು ಆ ಹುಳುಗಳನ್ನು ನೋಡಲಿಲ್ಲ, ಅವನಲ್ಲಿ ಕೊಲ್ಲುವ ಚೇತನವಿಲ್ಲ ಎಂದ. ಕಣ್ಣು ಏಕೆ ಹೋಯಿತು ಎಂದು ಭಿಕ್ಷುಗಳು ಕೇಳಿದ್ದಕ್ಕೆ ಹಿಂದಿನ ಜನ್ಮದ ಕಥೆ ಬರುತ್ತದೆ. ಅವನು ವಾರಾಣಸಿಯಲ್ಲಿ ಕಣ್ಣಿನ ವೈದ್ಯನಾಗಿದ್ದ. ಕಣ್ಣು ವಾಸಿಯಾದರೆ ಮಕ್ಕಳೊಡನೆ ನಿನ್ನ ದಾಸಿಯಾಗುತ್ತೇನೆ ಎಂದಿದ್ದ ಹೆಂಗಸು, ವಾಸಿಯಾದ ಮೇಲೆ ಇನ್ನೂ ನೋವಿದೆ ಎಂದು ಸುಳ್ಳು ಹೇಳಿದಳು. ಅವನು ಸೇಡಿಗೆ ಬೇಕೆಂದೇ ಕಣ್ಣು ಕಳೆಯುವ ಔಷಧ ಕೊಟ್ಟ. ಒಂದೇ ಕಥೆಯಲ್ಲಿ ಎರಡು ಕ್ರಿಯೆಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ ನೋಡು. ಬೇಕೆಂದು ಮಾಡಿದ್ದು ಜನ್ಮ ದಾಟಿಯೂ ಬಂದು ಹಿಡಿಯಿತು, ಕಾಣದೆ ತುಳಿದದ್ದು ಹಿಡಿಯಲಿಲ್ಲ.

ವಿದ್ಯಾರ್ಥಿನಿ: ಜೈನ ಮುನಿಯಾಗಿದ್ದರೆ?

ಮೇಷ್ಟ್ರು: ಅವರ ಮೊದಲ ಪ್ರಶ್ನೆ, ಕಣ್ಣು ಕಾಣದವನು ಮಳೆ ನಿಂತ ರಾತ್ರಿ ನಡೆದದ್ದಾದರೂ ಏಕೆ ಎಂಬುದು. ಮುನಿಗೆ ಈರ್ಯಾಸಮಿತಿ ಎಂಬ ನಿಯಮವಿದೆ. ಹಗಲು ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಜೀವಿಗಳಿಲ್ಲದ ಜಾಗದಲ್ಲಿ ಹೆಜ್ಜೆ ಇಡಬೇಕು. ಹಾಗೆ ನೋಡಿ ನಡೆದರೂ ಒಂದು ಹುಳು ಸತ್ತರೆ ದೋಷವಿಲ್ಲ. ನೋಡಲಾಗದಿದ್ದರೆ ನಡೆಯುವುದೇ ಪ್ರಮಾದ. ಇದು ಬರೀ ತರ್ಕವಲ್ಲ ಕಣಮ್ಮ, ನಮ್ಮ ಕಡೆಯೇ ನಡೆದು ಹೋದ ವಿಷಯ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು, ದಿಗಂಬರ ಮುನಿಪರಂಪರೆಯನ್ನು 20ನೇ ಶತಮಾನದಲ್ಲಿ ಮತ್ತೆ ಕಟ್ಟಿದವರು. ಮುಪ್ಪಿನಲ್ಲಿ ಅವರ ದೃಷ್ಟಿ ಮಂದವಾಗುತ್ತ ಬಂತು. ನೆಲ ನೋಡಿ ನಡೆಯಲಾಗದು, ಅನ್ನದಲ್ಲಿ ಜೀವಿ ಇದೆಯೇ ಎಂದು ಪರೀಕ್ಷಿಸಲಾಗದು. 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಅವರು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟರು. ಕಣ್ಣು ಹೋದ ಚಕ್ಖುಪಾಲ ನಡೆದಾಡಿದ, ನಿರ್ದೋಷಿ ಎನ್ನಿಸಿಕೊಂಡ. ಕಣ್ಣು ಹೋಗುತ್ತಿದ್ದ ಶಾಂತಿಸಾಗರರು ಅಹಿಂಸಾವ್ರತ ಕೆಡಬಾರದು ಎಂದು ದೇಹವನ್ನೇ ಬಿಟ್ಟರು. ಈ ಇಬ್ಬರನ್ನು ಪಕ್ಕಪಕ್ಕ ಇಟ್ಟರೆ ಎರಡು ಧರ್ಮಗಳ ಅಂತರ ಎಷ್ಟು ಎಂಬುದು ಮನಸ್ಸಿಗೆ ನಾಟುತ್ತದೆ.

ವಿದ್ಯಾರ್ಥಿನಿ: ಅಂದರೆ ವ್ಯತ್ಯಾಸ ಇರುವುದು ಉದ್ದೇಶ ಮತ್ತು ಕ್ರಿಯೆಯ ನಡುವೆ ಅಲ್ಲ. ಗೊತ್ತಿಲ್ಲದಿರುವುದಕ್ಕೆ ಯಾರು ಹೊಣೆ ಎಂಬಲ್ಲಿ. ಬೌದ್ಧರಿಗೆ ಗೊತ್ತಿರಲಿಲ್ಲ ಎಂದರೆ ಸಾಕು. ಜೈನರು ಏಕೆ ಗೊತ್ತುಮಾಡಿಕೊಳ್ಳಲಿಲ್ಲ ಎಂದೂ ಕೇಳುತ್ತಾರೆ.

ಮೇಷ್ಟ್ರು: ಅದನ್ನೇ ನಿನ್ನ ಪ್ರಬಂಧದ ವಾದವಾಗಿ ಇಟ್ಟುಕೋ. ಒಂದು ತಿದ್ದುಪಡಿ ಮಾತ್ರ ಬೇಕು. ಬೌದ್ಧರೂ ಅಜಾಗರೂಕತೆಯನ್ನು ಸುಮ್ಮನೆ ಬಿಟ್ಟಿಲ್ಲ. ವಿನಯಪಿಟಕದಲ್ಲಿ ಒಂದು ಪ್ರಕರಣ ಇದೆ. ಭಿಕ್ಷು ಒಂದು ಮನೆಗೆ ಭಿಕ್ಷೆಗೆ ಹೋದ. ಪೀಠದ ಮೇಲೆ ಬಟ್ಟೆಯಲ್ಲಿ ಸುತ್ತಿ ಮಗುವನ್ನು ಮಲಗಿಸಿದ್ದರು. ಬಟ್ಟೆ ಎಂದುಕೊಂಡು ಅದರ ಮೇಲೆ ಕೂತ, ಮಗು ಸತ್ತಿತು. ಸಂಘದಿಂದ ಹೊರಹಾಕುವ ಪಾರಾಜಿಕ ಅಪರಾಧ ಅಲ್ಲ ಎಂದು ತೀರ್ಮಾನವಾಯಿತು. ಆದರೆ ನೋಡದೆ ಆಸನದ ಮೇಲೆ ಕೂರಬಾರದು ಎಂದು ಹೊಸ ನಿಯಮ ಬಂತು, ಮೀರಿದರೆ ದುಕ್ಕಟ ಎಂಬ ಸಣ್ಣ ದೋಷ. ಅಜಾಗರೂಕತೆಯನ್ನು ಅವರು ಸಂಘದ ಶಿಸ್ತಿನ ಮಾತಾಗಿ ನೋಡಿದರು. ಜೈನರು ಅದನ್ನು ಕರ್ಮಬಂಧದ ಒಳಕ್ಕೇ ತಂದರು.

ವಿದ್ಯಾರ್ಥಿನಿ: ಹಾಗಿದ್ದೂ ಎಲ್ಲರೂ ಜೈನರಿಗೆ ಕ್ರಿಯೆಯೇ ದೊಡ್ಡದು ಎಂದು ಬರೆಯುತ್ತಾರಲ್ಲ, ಅದೆಲ್ಲಿಂದ ಬಂತು?

ಮೇಷ್ಟ್ರು: ಎದುರಾಳಿಯ ಬಾಯಿಂದ. ಮಜ್ಝಿಮ ನಿಕಾಯದ ಉಪಾಲಿ ಸುತ್ತ ಓದು. ನಾಲಂದೆಯ ಗೃಹಸ್ಥ ಉಪಾಲಿ ನಿಗಂಠ ನಾತಪುತ್ತನ, ಅಂದರೆ ಮಹಾವೀರನ ಅನುಯಾಯಿ. ಮೈಯಿಂದ ಮಾಡುವ ಪಾಪವೇ ಘೋರ ಎಂದು ಅವನ ವಾದ, ಮನಸ್ಸಿನದು ಘೋರ ಎಂದು ಬುದ್ಧನದು. ಉಪಾಲಿ ಸೋತು ಬುದ್ಧನ ಕಡೆ ಬರುತ್ತಾನೆ. ಆದರೆ ಆ ಸುತ್ತದ ಒಳಗೇ ಒಂದು ಸೂಕ್ಷ್ಮವಿದೆ. ನಡೆದಾಡುವಾಗ ನಿಗಂಠನಿಂದ ಸಣ್ಣ ಜೀವಿಗಳು ಸಾಯುತ್ತವಲ್ಲ, ಅದಕ್ಕೆ ನಾತಪುತ್ತ ಏನು ಫಲ ಹೇಳುತ್ತಾನೆ ಎಂದು ಬುದ್ಧ ಕೇಳಿದಾಗ, ಬೇಕೆಂದು ಮಾಡದಿದ್ದರೆ ಅದು ದೊಡ್ಡ ದೋಷವಲ್ಲ ಎನ್ನುತ್ತಾನೆ ಎಂದೇ ಉಪಾಲಿ ಉತ್ತರ ಕೊಡುತ್ತಾನೆ. ಬೌದ್ಧ ಗ್ರಂಥವೇ ಜೈನರಲ್ಲಿ ಉದ್ದೇಶಕ್ಕೆ ಜಾಗವಿತ್ತು ಎಂದು ಒಪ್ಪಿದ ಹಾಗಾಯಿತು. ಆ ಕಡೆ ಜೈನರ ಸೂತ್ರಕೃತಾಂಗವನ್ನು ತೆಗೆ. ಅಲ್ಲಿ ಬೌದ್ಧನೊಬ್ಬ, ಹಿಂಡಿಯ ಮುದ್ದೆ ಎಂದುಕೊಂಡು ಮನುಷ್ಯನನ್ನು ಸುಟ್ಟರೆ, ಸೋರೆಕಾಯಿ ಎಂದುಕೊಂಡು ಮಗುವನ್ನು ಸುಟ್ಟರೆ ಪಾಪವಿಲ್ಲ ಎನ್ನುತ್ತಾನೆ, ಜೈನ ಪಕ್ಷದ ಆರ್ದ್ರಕ ಅದನ್ನು ಖಂಡಿಸುತ್ತಾನೆ. ಯಾವ ಬೌದ್ಧನೂ ತನ್ನ ಮತವನ್ನು ಹಾಗೆ ಹೇಳಿಕೊಳ್ಳುವುದಿಲ್ಲ. ಒಂದು ಧರ್ಮದ ನಿಲುವನ್ನು ಅದರ ಎದುರಾಳಿಯ ಗ್ರಂಥದಿಂದ ಮಾತ್ರ ಎತ್ತಿಕೊಂಡರೆ ಪ್ರಬಂಧ ಕೆಡುವುದು ಇಲ್ಲೇ. ನೀನು ಬರೆದ ಪ್ರತಿ ವಾಕ್ಯಕ್ಕೂ, ಇದು ಅವರದೇ ಗ್ರಂಥದಲ್ಲಿದೆಯೇ ಎಂದು ಕೇಳಿಕೊ.

ವಿದ್ಯಾರ್ಥಿನಿ: ಇನ್ನು ಹಿಂದೂ ಪಕ್ಷ. ನನಗೆ ಕಷ್ಟ ಅನ್ನಿಸಿದ್ದು ಅದೇ. ಯಾವ ಗ್ರಂಥ ಹಿಡಿದರೂ ಇನ್ನೊಂದು ಅಡ್ಡ ಬರುತ್ತದೆ.

ಮೇಷ್ಟ್ರು: ‘ಹಿಂದೂಗಳ ಪ್ರಕಾರ’ ಎಂದು ಬರೆಯುವುದನ್ನು ಬಿಟ್ಟುಬಿಡು, ಅರ್ಧ ಕಷ್ಟ ಹೋಗುತ್ತದೆ. ಮೀಮಾಂಸಕರು ಹೀಗೆ, ವೇದಾಂತಿಗಳು ಹೀಗೆ, ಧರ್ಮಶಾಸ್ತ್ರ ಹೀಗೆ, ರಾಮಾಯಣದ ಕಥೆ ಹೀಗೆ ಎಂದು ಬಿಡಿಸಿ ಬರೆ. ಹಿಟ್ಟಿನ ಪಶುವಿನ ವಿಷಯ ಮನುಸ್ಮೃತಿಯ ಐದನೇ ಅಧ್ಯಾಯದಲ್ಲೇ ಬರುತ್ತದೆ. ಆಸೆ ತಡೆಯದಿದ್ದರೆ ತುಪ್ಪದಿಂದಲೋ ಹಿಟ್ಟಿನಿಂದಲೋ ಪಶು ಮಾಡಿಕೊಳ್ಳಲಿ, ವೃಥಾ ಪ್ರಾಣಿಯನ್ನು ಮಾತ್ರ ಕೊಲ್ಲಬಾರದು ಎಂಬ ಅರ್ಥದ ಮಾತು. ನಮ್ಮ ಉಡುಪಿಯ ಮಧ್ವಾಚಾರ್ಯರು ಜನ್ನ ಬದುಕಿದ್ದ 13ನೇ ಶತಮಾನದವರೇ. ಯಜ್ಞದಲ್ಲಿ ಜೀವಂತ ಪಶುವಿನ ಬದಲು ಪಿಷ್ಟಪಶುವನ್ನು ಬಳಸುವ ಪದ್ಧತಿಯ ಜೊತೆ ಅವರ ಪರಂಪರೆಯ ಹೆಸರು ಸೇರಿಕೊಂಡಿದೆ. ಒಂದೇ ಶತಮಾನ. ಒಬ್ಬರಿಗೆ ಹಿಟ್ಟಿನ ಪಶು ಹಿಂಸೆಯಿಂದ ಪಾರಾಗುವ ದಾರಿ, ಇನ್ನೊಬ್ಬರಿಗೆ ಅದೇ ಹಿಂಸೆ.

ವಿದ್ಯಾರ್ಥಿನಿ: ಈ ಎರಡು ಮಾತುಗಳು ಎದುರುಬದುರು ನಿಂತಿರುವುದನ್ನು ನಾನು ಎಲ್ಲೂ ಓದಿರಲಿಲ್ಲ ಸರ್.

ಮೇಷ್ಟ್ರು: ಅದಕ್ಕೆ ಕಾರಣವೂ ಇದೆ. ಯಜ್ಞವನ್ನು ಒಪ್ಪುವವನಿಗೆ ವಿಧಿ ಮುಖ್ಯ. ಮೀಮಾಂಸಕರ ಪ್ರಕಾರ ವಿಧಿಯಂತೆ ಮಾಡಿದ ಕರ್ಮ ಅಪೂರ್ವ ಎಂಬ ಶಕ್ತಿಯನ್ನು ಹುಟ್ಟಿಸುತ್ತದೆ, ಯಜ್ಞ ಮುಗಿದು ಎಷ್ಟೋ ಕಾಲವಾದ ಮೇಲೆ ಸ್ವರ್ಗವೆಂಬ ಫಲ ಕೊಡುವುದು ಅದೇ. ವಿಧಿ ಕೆಡದ ಹಾಗೆ ಪಶುವನ್ನು ಬದಲಿಸಬಹುದಾದರೆ ಕರ್ತೃವಿಗೆ ದೋಷ ಹುಡುಕುವ ಅಗತ್ಯವಿಲ್ಲ. ಯಜ್ಞವನ್ನೇ ಒಪ್ಪದ ಜೈನನಿಗೆ ಉಳಿಯುವುದು ಕತ್ತಿ ಎತ್ತಿದ ಮನಸ್ಸು ಮಾತ್ರ.

ವಿದ್ಯಾರ್ಥಿನಿ: ಗೊತ್ತಿಲ್ಲದೆ ಕೊಂದರೆ ಧರ್ಮಶಾಸ್ತ್ರ ಏನು ಹೇಳುತ್ತದೆ?

ಮೇಷ್ಟ್ರು: ಪಾಪ ಇದೆ, ತೂಕ ಕಡಿಮೆ. ಮನುಸ್ಮೃತಿಯ ಹನ್ನೊಂದನೇ ಅಧ್ಯಾಯ ಬಯಸದೆ ಮಾಡಿದ ಪಾಪ ವೇದಾಭ್ಯಾಸದಿಂದ ಕಳೆಯುತ್ತದೆ, ಬಯಸಿ ಮಾಡಿದ್ದಕ್ಕೆ ಬೇರೆ ಬೇರೆ ಪ್ರಾಯಶ್ಚಿತ್ತ ಬೇಕು ಎನ್ನುತ್ತದೆ. ಮನೆಯಲ್ಲೇ ಐದು ವಧಾಸ್ಥಾನಗಳಿವೆ ಎಂದೂ ಅದೇ ಸ್ಮೃತಿ ಬೇರೆಡೆ ಹೇಳುತ್ತದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಅಡುಗೆ ಮಾಡುವಾಗ, ಗುಡಿಸುವಾಗ ಕಾಣದ ಜೀವಿಗಳು ಸಾಯುತ್ತವೆ, ಅದನ್ನು ತೊಳೆಯಲು ನಿತ್ಯ ಪಂಚಮಹಾಯಜ್ಞ ಮಾಡಬೇಕು. ಕಾಣದೆ ಮಾಡಿದ್ದೂ ಅಂಟುತ್ತದೆ ಎಂಬಲ್ಲಿ ಇವರು ಜೈನರ ಹತ್ತಿರ ಇದ್ದಾರೆ. ನಿತ್ಯಕರ್ಮದಿಂದ ಕಳೆಯುತ್ತದೆ ಎಂಬಲ್ಲಿ ದೂರ ಹೋಗುತ್ತಾರೆ. ಇನ್ನು ಕಥೆ ಬೇಕಾದರೆ ದಶರಥನಿದ್ದಾನೆ.

ವಿದ್ಯಾರ್ಥಿನಿ: ಶಬ್ದವೇಧಿ! ಯಶೋಮತಿಯ ಬಾಣದ ಹಾಗೆಯೇ.

ಮೇಷ್ಟ್ರು: ಹೌದು. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ದಶರಥ ಸಾಯುವ ರಾತ್ರಿ ಕೌಸಲ್ಯೆಗೆ ಹೇಳಿಕೊಳ್ಳುತ್ತಾನೆ. ಯುವರಾಜನಾಗಿದ್ದಾಗ ಮಳೆಗಾಲದ ಕತ್ತಲಲ್ಲಿ ಸರಯೂ ತೀರದಲ್ಲಿ ಕೊಡ ತುಂಬುವ ಸದ್ದು ಕೇಳಿತು. ಆನೆ ನೀರು ಕುಡಿಯುತ್ತಿದೆ ಎಂದುಕೊಂಡು ಬಾಣ ಬಿಟ್ಟ. ಸತ್ತವನು ಕುರುಡ ತಂದೆತಾಯಿಗೆ ನೀರು ತರಲು ಬಂದ ಮುನಿಕುಮಾರ. ತಿಳಿಯದೆ ಮಾಡಿದ್ದರಿಂದ ನೀನು ಬದುಕಿದ್ದೀಯ, ತಿಳಿದು ಮಾಡಿದ್ದರೆ ನಿನ್ನ ಕುಲವೇ ಉಳಿಯುತ್ತಿರಲಿಲ್ಲ ಎಂದು ಆ ತಂದೆ ಹೇಳಿ, ನೀನೂ ಪುತ್ರಶೋಕದಿಂದ ಸಾಯಿ ಎಂದು ಶಪಿಸುತ್ತಾನೆ. ತಿಳಿಯದಿರುವುದು ಶಿಕ್ಷೆಯನ್ನು ಇಳಿಸಿತೇ ಹೊರತು ಅಳಿಸಲಿಲ್ಲ. ಫಲ ಬಂದದ್ದು ಮುಂದಿನ ಜನ್ಮದಲ್ಲೂ ಅಲ್ಲ, ಈ ಜನ್ಮದಲ್ಲೇ, ಅದೂ ನೊಂದ ಒಬ್ಬ ಮನುಷ್ಯನ ಬಾಯಿಂದ. ಬೌದ್ಧರ ಐದು ಅಂಗಗಳನ್ನು ಹಚ್ಚಿದರೆ ದಶರಥ ಚಕ್ಖುಪಾಲನಂತೆ ಬಿಡಿಸಿಕೊಳ್ಳಲಾರ. ಅಲ್ಲೊಂದು ಜೀವಿ ಇದೆ ಎಂದು ತಿಳಿದೇ, ಕೊಲ್ಲಬೇಕೆಂದೇ ಬಾಣ ಬಿಟ್ಟ. ಜೈನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಣದ ಗುರಿಗೆ ಬಾಣ ಬಿಡುವ ಆ ವಿದ್ಯೆಯೇ ಪ್ರಮಾದ ಎನ್ನುತ್ತಾರೆ. ಆದರೆ ದಶರಥನ ಕಥೆ ಕಥೆಯೇ, ಸಿದ್ಧಾಂತದ ಗ್ರಂಥವಲ್ಲ ಎಂದು ಪ್ರಬಂಧದಲ್ಲಿ ಒಂದು ಮಾತು ಸೇರಿಸು.

ವಿದ್ಯಾರ್ಥಿನಿ: ಕರ್ಮದ ಭಾಗ ಆಯಿತು. ಪುನರ್ಜನ್ಮದ ಭಾಗಕ್ಕೂ ಯಶೋಧರನೇ ಸಾಕೇ?

ಮೇಷ್ಟ್ರು: ಸಾಕು, ಅವನು ಮೀನಾಗಿದ್ದಾಗಿನ ಪ್ರಸಂಗ ತೆಗೆದುಕೊ. ಆ ಮೀನನ್ನು ಹಿಡಿದು ಅಡುಗೆ ಮಾಡಿದ್ದು ಯಾವುದಕ್ಕೆ?

ವಿದ್ಯಾರ್ಥಿನಿ: ಯಶೋಧರನ ಶ್ರಾದ್ಧಕ್ಕೇ ಅಲ್ಲವೇ! ತಂದೆಗೆ ಸದ್ಗತಿಯಾಗಲಿ ಎಂದು ಮಗ ತಂದೆಯನ್ನೇ ಬೇಯಿಸಿ ಬಡಿಸಿದ. ತರಗತಿಯಲ್ಲಿ ಅದನ್ನು ಕೇಳಿದಾಗ ಮೈ ಜುಮ್ಮೆಂದಿತ್ತು.

ಮೇಷ್ಟ್ರು: ಪುನರ್ಜನ್ಮ ಎಂದರೆ ಏನು ಎಂದು ಅಮೂರ್ತವಾಗಿ ಕೇಳಿದರೆ ಮೂರೂ ಕಡೆಯಿಂದ ದೊಡ್ಡ ದೊಡ್ಡ ಶಬ್ದಗಳು ಬರುತ್ತವೆ. ಅದರ ಬದಲು ಕೇಳು, ಮಗ ಇಟ್ಟ ಶ್ರಾದ್ಧದ ಅನ್ನ ಮೀನಾಗಿರುವ ತಂದೆಗೆ ಮುಟ್ಟುತ್ತದೆಯೇ? ಜೈನರ ಉತ್ತರ ಈ ಪ್ರಸಂಗದಲ್ಲೇ ಇದೆ. ಮುಟ್ಟುವುದಿಲ್ಲ. ಪ್ರತಿ ಜೀವ ತನ್ನ ಕರ್ಮವನ್ನು ತಾನೇ ಉಣ್ಣಬೇಕು, ಇನ್ನೊಬ್ಬರು ಗಳಿಸಿದ್ದು ಅದಕ್ಕೆ ದಾಟುವುದಿಲ್ಲ. ಸಾಯುವ ಮೊದಲೇ ಆಯುಷ್ಯಕರ್ಮ ಮುಂದಿನ ಗತಿಯನ್ನು ಗೊತ್ತುಮಾಡಿರುತ್ತದೆ. ಅದು ಒಂದು ಜನ್ಮದಲ್ಲಿ ಒಂದೇ ಸಲ ಬಂಧವಾಗುವ ಕರ್ಮ. ಸತ್ತ ಜೀವ ಕಾರ್ಮಣ ಶರೀರದೊಡನೆ, ಎಣಿಸಲೂ ಆಗದಷ್ಟು ಸಣ್ಣ ಕಾಲದಲ್ಲಿ, ಹೆಚ್ಚೆಂದರೆ ಕೆಲವೇ ಸಮಯಗಳಲ್ಲಿ ಹೊಸ ಜನ್ಮ ಸೇರುತ್ತದೆ. ಸತ್ತವರು ಎಲ್ಲೋ ಕಾಯುತ್ತ ಕೂತಿದ್ದಾರೆ, ನಾವು ಪಿಂಡ ಕೊಟ್ಟು ದಾಟಿಸಬೇಕು ಎನ್ನುವುದಕ್ಕೆ ಎಡೆಯೇ ಇಲ್ಲ. ಬಾಣ ತಾಗಿದ ಕೋಳಿ ನೇರವಾಗಿ ಕುಸುಮಾವಳಿಯ ಗರ್ಭ ಸೇರುವುದು ಅದಕ್ಕೇ.

ವಿದ್ಯಾರ್ಥಿನಿ: ಬೌದ್ಧರಿಗೆ ಆತ್ಮವೇ ಇಲ್ಲದ ಮೇಲೆ ಮೀನನ್ನು ಯಶೋಧರ ಎನ್ನಬಹುದೇ?

ಮೇಷ್ಟ್ರು: ಅವನೇ ಎನ್ನುವಂತಿಲ್ಲ, ಬೇರೆ ಎನ್ನುವಂತೆಯೂ ಇಲ್ಲ. ಏನೂ ದಾಟಿ ಹೋಗದೆ ಪುನರ್ಜನ್ಮ ಹೇಗೆ ಎಂದು ಮಿಲಿಂದ ರಾಜ ಕೇಳಿದಾಗ ನಾಗಸೇನ ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ ಉದಾಹರಣೆ ಕೊಟ್ಟ. ಮೊದಲ ದೀಪದಿಂದ ಏನೂ ಎದ್ದು ಎರಡನೆಯದಕ್ಕೆ ಹೋಗುವುದಿಲ್ಲ, ಆದರೂ ಮೊದಲನೆಯದಿಲ್ಲದೆ ಎರಡನೆಯದು ಉರಿಯುತ್ತಿರಲಿಲ್ಲ. ಶ್ರಾದ್ಧದ ಪ್ರಶ್ನೆಯನ್ನು ಜಾಣುಸ್ಸೋಣಿ ಎಂಬ ಬ್ರಾಹ್ಮಣ ನೇರವಾಗಿ ಬುದ್ಧನಿಗೇ ಹಾಕಿದ್ದು ಅಂಗುತ್ತರ ನಿಕಾಯದಲ್ಲಿದೆ. ಸತ್ತವನು ನರಕದಲ್ಲೋ ಪ್ರಾಣಿಯಾಗಿಯೋ ಮನುಷ್ಯನಾಗಿಯೋ ದೇವತೆಯಾಗಿಯೋ ಹುಟ್ಟಿದ್ದರೆ ನಿಮ್ಮ ದಾನ ಮುಟ್ಟುವುದಿಲ್ಲ, ಪ್ರೇತಲೋಕದಲ್ಲಿದ್ದರೆ ಮಾತ್ರ ಮುಟ್ಟುತ್ತದೆ ಎಂದು ಬುದ್ಧನ ಉತ್ತರ. ಅಲ್ಲಿ ಅವನಿಲ್ಲದಿದ್ದರೆ ಬೇರೆ ಬಂಧುಗಳಾದರೂ ಇರುತ್ತಾರೆ, ಕೊಟ್ಟವನಿಗೂ ಫಲ ತಪ್ಪುವುದಿಲ್ಲ ಎಂದೂ ಸೇರಿಸಿದ. ಪ್ರಾಣಿಗೆ ಮುಟ್ಟುವುದಿಲ್ಲ ಎಂದ ಮೇಲೆ ನಮ್ಮ ಮೀನಿಗೆ ಏನೂ ಸಿಗಲಿಲ್ಲ.

ವಿದ್ಯಾರ್ಥಿನಿ: ವೈದಿಕರು? ಪಿಂಡ ಇಡುವವರೇ ಪುನರ್ಜನ್ಮವನ್ನೂ ನಂಬುತ್ತಾರೆ. ಪಿತೃಲೋಕದಲ್ಲೂ ಇರಬೇಕು, ಮೀನಾಗಿಯೂ ಹುಟ್ಟಿರಬೇಕು, ಎರಡೂ ಹೇಗೆ ಸಾಧ್ಯ?

ಮೇಷ್ಟ್ರು: ಈ ತೊಡಕು ಶಾಸ್ತ್ರಕಾರರಿಗೂ ಕಾಣಿಸಿತ್ತು. ಪಿತೃಗಳ ಕಲ್ಪನೆ ಹಳೆಯದು, ಪುನರ್ಜನ್ಮದ ವಿಚಾರ ಉಪನಿಷತ್ತುಗಳ ಕಾಲಕ್ಕೆ ಬಂದು ಅದರ ಜೊತೆ ಕೂತಿತು. ಬೃಹದಾರಣ್ಯಕದಲ್ಲಿ ಆರ್ತಭಾಗ ಸತ್ತ ಮೇಲೆ ಮನುಷ್ಯನಿಗೆ ಏನಾಗುತ್ತದೆ ಎಂದು ಕೇಳಿದಾಗ ಯಾಜ್ಞವಲ್ಕ್ಯ ಸಭೆಯಲ್ಲಿ ಹೇಳದೆ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಕರ್ಮದ ಮಾತಾಡುತ್ತಾನೆ. ಹೊಸ ವಿಚಾರ ಎನ್ನುವುದಕ್ಕೆ ಅಷ್ಟು ಸಾಕು. ಎರಡನ್ನೂ ಹೊಂದಿಸಲು ಮತ್ಸ್ಯಪುರಾಣ ಒಂದು ದಾರಿ ಹುಡುಕಿತು. ತಂದೆ ದೇವನಾಗಿ ಹುಟ್ಟಿದ್ದರೆ ಶ್ರಾದ್ಧದ ಅನ್ನ ಅಮೃತವಾಗಿ ಸಿಗುತ್ತದೆ, ಪಶುವಾಗಿದ್ದರೆ ಹುಲ್ಲಾಗಿ ಸಿಗುತ್ತದೆ, ಯಾವ ಜನ್ಮವೋ ಅದಕ್ಕೆ ತಕ್ಕ ಆಹಾರವಾಗಿ ತಲುಪುತ್ತದೆ. ಯಾರು ತಲುಪಿಸುತ್ತಾರೆ ಎಂದು ಕೇಳಿದರೆ ವೇದಾಂತಿ ಕೊನೆಗೆ ಈಶ್ವರನ ಕಡೆ ಕೈ ತೋರಿಸುತ್ತಾನೆ. ಬ್ರಹ್ಮಸೂತ್ರದಲ್ಲಿ ಜೈಮಿನಿಯ ಪಕ್ಷ ಕರ್ಮವೇ ಫಲ ಕೊಡುತ್ತದೆ ಎಂದರೆ, ಫಲ ಈಶ್ವರನಿಂದ ಎಂದು ಬಾದರಾಯಣ ನಿರ್ಣಯಿಸುತ್ತಾನೆ. ಲೆಕ್ಕ ನೋಡುವ ಒಬ್ಬನಿದ್ದರೆ ಅನ್ನವನ್ನು ಹುಲ್ಲು ಮಾಡಿ ಕಳಿಸಬಹುದು. ಬೌದ್ಧರಲ್ಲೂ ಜೈನರಲ್ಲೂ ಅಂಥ ಒಬ್ಬನಿಲ್ಲ.

ವಿದ್ಯಾರ್ಥಿನಿ: ಆದರೆ ಬೌದ್ಧರಲ್ಲಿ ಪ್ರೇತಕ್ಕೆ ಮುಟ್ಟುತ್ತದಲ್ಲ. ಈಶ್ವರನಿಲ್ಲದೆ ಅದು ಹೇಗೆ? ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ಹೋದರೆ ಚೇತನವೇ ಕರ್ಮ ಎಂಬ ಮಾತು ಸಡಿಲವಾಗುವುದಿಲ್ಲವೇ?

ಮೇಷ್ಟ್ರು: ಥೇರವಾದಿಗಳು ಅದಕ್ಕೂ ಉತ್ತರ ಕಟ್ಟಿದ್ದಾರೆ. ಪುಣ್ಯ ಎದ್ದು ದಾಟುವುದಿಲ್ಲ. ತನ್ನ ಹೆಸರಿನಲ್ಲಿ ದಾನವಾದದ್ದನ್ನು ಪ್ರೇತ ಕಂಡು ಮೆಚ್ಚುತ್ತದೆ, ಅದೇ ಅನುಮೋದನೆ. ಆ ಮೆಚ್ಚುಗೆ ಪ್ರೇತದ ಸ್ವಂತ ಮನಸ್ಸಿನ ಕುಶಲಕರ್ಮ, ಫಲ ಅದರಿಂದ ಬರುತ್ತದೆ. ಈ ವಿವರಣೆ ಎಲ್ಲ ಬೌದ್ಧ ಆಚರಣೆಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಹಳ್ಳಿಯ ಬೌದ್ಧ ಗೃಹಸ್ಥ ಸತ್ತ ತಾಯಿಗೆ ಪುಣ್ಯ ಕಳಿಸುತ್ತೇನೆ ಎಂದೇ ಭಿಕ್ಷುಗಳಿಗೆ ಊಟ ಹಾಕುತ್ತಾನೆ. ಗ್ರಂಥ ಹೇಳುವುದಕ್ಕೂ ಮನೆಯಲ್ಲಿ ನಡೆಯುವುದಕ್ಕೂ ಇರುವ ಈ ದೂರ ಮೂರೂ ಕಡೆ ಇದೆ. ನೀನು ಗ್ರಂಥಗಳನ್ನು ಹೋಲಿಸುತ್ತಿದ್ದೀಯೋ, ಜನರ ನಂಬಿಕೆಯನ್ನೋ ಎಂಬುದನ್ನು ಮೊದಲ ಪುಟದಲ್ಲೇ ಹೇಳಿಬಿಡು.

ವಿದ್ಯಾರ್ಥಿನಿ: ಗ್ರಂಥಗಳನ್ನು ಅಂತಲೇ ಬರೆಯುತ್ತೇನೆ. ಶೀರ್ಷಿಕೆ ‘ಕರ್ಮ ಮತ್ತು ಪುನರ್ಜನ್ಮ: ಒಂದು ತೌಲನಿಕ ಅಧ್ಯಯನ’ ಎಂದಿತ್ತು, ಅದನ್ನು ‘ತಿಳಿಯದೆ ಮಾಡಿದ್ದು ಯಾರ ಪಾಪ?’ ಎಂದು ಬದಲಿಸುತ್ತೇನೆ. ಮೊದಲು ಹಿಟ್ಟಿನ ಕೋಳಿ, ಆಮೇಲೆ ಚಕ್ಖುಪಾಲ ಮತ್ತು ಶಾಂತಿಸಾಗರರು, ಆಮೇಲೆ ಮನುಸ್ಮೃತಿಯ ಒಲೆ ಒರಳು, ಕೊನೆಗೆ ಶ್ರಾದ್ಧದ ಮೀನು. ದಶರಥನನ್ನು ಎಲ್ಲಿಡಲಿ?

ಮೇಷ್ಟ್ರು: ಮನುಸ್ಮೃತಿಯ ಪಕ್ಕದಲ್ಲಿಡು. ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಮಾಡಿದರೆ ಕಳೆಯುತ್ತದೆ ಎಂದಿದೆ, ಕಾವ್ಯದಲ್ಲಿ ದಶರಥನಿಗೆ ಕಳೆಯಲಿಲ್ಲ. ಏಕೆ ಎಂಬುದಕ್ಕೆ ನಿನ್ನ ಸ್ವಂತ ಉತ್ತರ ಒಂದು ಪುಟ ಬರೆದು ತಾ, ಮುಂದಿನ ವಾರ ಅದರ ಮೇಲೆ ಮಾತಾಡೋಣ.